ತಲೆಯಾಡಿಸಿದ ಎರಡು ಸೆಕೆಂಡು

ನಮ್ಮ ಸ್ಟುಡಿಯೊ ಎಂದರೆ ಟೈಲರ್ ಅಂಗಡಿಯ ಮೇಲಿನ ಎರಡು ಕೋಣೆ. ಒಂದರಲ್ಲಿ ಮೂರು ಕ್ಯಾಮೆರಾ, ಎರಡು ಮೈಕು, ಎರಡು ಕುರ್ಚಿ. ಅಲ್ಲಿ ನಾನು ಅತಿಥಿಗಳನ್ನು ಕೂರಿಸಿಕೊಂಡು ಎರಡೆರಡು ಗಂಟೆ ಹರಟುತ್ತೇನೆ. ಇನ್ನೊಂದರಲ್ಲಿ ಅಕ್ಕ ಕೂತು ಅದನ್ನು ಎಡಿಟ್ ಮಾಡುತ್ತಾರೆ. ನನ್ನ ಒಡಹುಟ್ಟಿದವರಲ್ಲ; ಕೆಳಗಿನ ಟೈಲರ್‌ನಿಂದ ಹಿಡಿದು ನಮ್ಮ ಅತಿಥಿಗಳವರೆಗೆ ಎಲ್ಲರಿಗೂ ಅವರು ಅಕ್ಕ. ಪಾಡ್‌ಕಾಸ್ಟಿನಲ್ಲಿ ಕಾಣುವ ಮುಖ ನನ್ನದು, ಬುದ್ಧಿ ಅವರದು.

ಹದಿನಾಲ್ಕು ವರ್ಷ ಮದುವೆ ವಿಡಿಯೊ ಎಡಿಟ್ ಮಾಡಿ ಬಂದವರು. ಸಂಚಿಕೆ ಕೈಗೆ ಸಿಕ್ಕೊಡನೆ ಮಾನಿಟರ್ ಆರಿಸಿ, ಪೂರ್ತಿ ಮಾತನ್ನು ಬರೀ ಕಿವಿಯಲ್ಲಿ ಕೇಳುತ್ತಾರೆ. ಮುಖ ನೋಡುತ್ತಾ ಕೂತರೆ ಮಾತು ತಪ್ಪಿಹೋಗುತ್ತದಂತೆ. ಕೇಳುತ್ತಲೇ ನೋಟ್‌ಬುಕ್ಕಿನಲ್ಲಿ ಸಮಯ ಗುರುತು ಹಾಕಿಕೊಳ್ಳುತ್ತಾರೆ. ಆಮೇಲೆ ಒಂದು ನಿಮಿಷದೊಳಗಿನ ನಾಲ್ಕೈದು ಕ್ಲಿಪ್: ಫೋನಿನಲ್ಲಿ ಕಾಣುವಂತೆ ನಿಲುವಾಗಿ ಕತ್ತರಿಸಿ, ಸದ್ದಿಲ್ಲದೆ ನೋಡುವವರಿಗಾಗಿ ಮಾತನ್ನು ಅಕ್ಷರದಲ್ಲಿ ಕೂರಿಸಿ, ಪೂರ್ತಿ ಸಂಚಿಕೆಯ ಲಿಂಕ್ ಹಾಕುವುದು. ಮೊದಲ ಮೂರು ಸೆಕೆಂಡಿನಲ್ಲಿ ನೋಡುವವರ ಬೆರಳು ನಿಲ್ಲದಿದ್ದರೆ ಎಲ್ಲ ದಂಡ.

ಒಂದು ಸಲ ಪೂರ್ತಿ ಸಂಚಿಕೆ ಮುಗಿಸಿಟ್ಟು ಅಕ್ಕ ತಾಯಿಯ ಕಣ್ಣಿನ ಆಪರೇಷನ್ನಿಗೆಂದು ಎರಡು ದಿನ ರಜೆ ಹಾಕಿದಾಗ, ಕ್ಲಿಪ್ ನಾನೇ ಮಾಡೋಣವೆಂದು ನನ್ನ ಕೈ ತುರಿಸಿತು. ಆ ವಾರದ ಅತಿಥಿ ನಿವೃತ್ತ ಆಂಬುಲೆನ್ಸ್ ಡ್ರೈವರ್. ಮೂವತ್ತು ವರ್ಷ ಒಂದೇ ಆಸ್ಪತ್ರೆಯ ಗಾಡಿ ಓಡಿಸಿದವರು. ಮಾತಿನ ನಡುವೆ ಅವರು ಹೇಳಿದ್ದು ಇಷ್ಟು:

"ಒಳಗೆ ರೋಗಿ ಇದ್ರು. ನಾನು ಕೆರೆ ಹತ್ರ ಗಾಡಿ ನಿಲ್ಲಿಸ್ದೆ. ಡಾಕ್ಟರು ಕೈಬಿಟ್ಟು ಮನೆಗೆ ಕಳಿಸಿದ್ರು, ಒಂದ್ಸಲ ನೀರು ನೋಡ್ತೀನಿ ಅಂತ ಆ ಅಜ್ಜಿನೇ ಕೇಳಿದ್ದು. ಅರ್ಧ ಗಂಟೆ ಅಲ್ಲೇ ಇದ್ವಿ. ನಾನು ಚಹಾ ಕುಡಿದೆ."

ನಡುವಿನ ಅಜ್ಜಿಯ ಮಾತನ್ನು ನಾನು ತೆಗೆದುಹಾಕಿದೆ. ಕಾರಣ ತಿಳಿಯಬೇಕಾದವರು ಪೂರ್ತಿ ಸಂಚಿಕೆ ನೋಡಲಿ ಎಂಬ ಲೆಕ್ಕಾಚಾರ. ಹಾಗೆ ತೆಗೆದರೆ ಚಿತ್ರ ಜಿಗಿಯುತ್ತದೆ, ಕತ್ತರಿಸಿದ್ದು ಎದ್ದು ಕಾಣುತ್ತದೆ. ಅದಕ್ಕೂ ಮದ್ದಿದೆ. ನನ್ನ ಕ್ಯಾಮೆರಾ ಎರಡು ಗಂಟೆಯೂ ಓಡುತ್ತಿರುತ್ತದಲ್ಲ, ಅದರಿಂದ ನಾನು ತಲೆಯಾಡಿಸುವ ಎರಡು ಸೆಕೆಂಡು ತಂದು ಆ ಬೆಸುಗೆಯ ಮೇಲೆ ಮುಚ್ಚಿದೆ. ಯಾರಿಗೂ ಗೊತ್ತಾಗದ ಹಾಗೆ ಕೂತಿತು. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಒಂದೇ ದಿನದಲ್ಲಿ ಮೂರು ಲಕ್ಷ ಜನ ನೋಡಿದರು. ಪೂರ್ತಿ ಸಂಚಿಕೆಗೆ ಬಂದವರು ಇನ್ನೂರು ಚಿಲ್ಲರೆ. ಉಳಿದವರೆಲ್ಲ ಅಲ್ಲೇ ನಿಂತು ಡ್ರೈವರನ್ನು ಬಾಯಿಗೆ ಬಂದಂತೆ ಬೈದರು. ಮರುದಿನ ಅವರ ಫೋನು ಬಂತು. ಅದೇ ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಮಗಳನ್ನು ಸಹೋದ್ಯೋಗಿಗಳು ನಿಮ್ಮಪ್ಪ ಹೀಗಾ ಎಂದು ಕೇಳುತ್ತಿದ್ದರಂತೆ. ಹಳೆಯ ಡ್ರೈವರುಗಳೆಲ್ಲ ಸೇರುವ ಚಹಾದಂಗಡಿಗೆ ಇವರು ಹೋಗಿರಲಿಲ್ಲ. ಬೈಯಲಿಲ್ಲ, ಒಂದೇ ಮಾತು ಕೇಳಿದರು.

"ಸಾರ್, ಅಜ್ಜಿ ಕೇಳಿದ್ರು ಅಂತ ನಾನು ಹೇಳಿದ್ದೆ. ಅದು ಎಲ್ಲಿ ಹೋಯ್ತು?"

ಫೋನಿಟ್ಟ ಕೂಡಲೇ ಕ್ಲಿಪ್ ಅಳಿಸಿದೆ. ಅಷ್ಟರಲ್ಲಿ ಯಾರ್ಯಾರೋ ಇಳಿಸಿಕೊಂಡು ತಮ್ಮ ತಮ್ಮ ಪೇಜುಗಳಲ್ಲಿ ಹಾಕಿ ಆಗಿತ್ತು.

ರಜೆ ಮುಗಿಸಿ ಬಂದ ಅಕ್ಕ ಅದನ್ನು ಒಂದೇ ಸಲ ನೋಡಿದರು.

"ನೀನು ತಲೆಯಾಡಿಸಿದ್ದು ಈ ಮಾತಿಗಲ್ಲ ಕಣೋ," ಎಂದರು. "ಅವರು ಮಗಳ ಮದುವೆ ವಿಷ್ಯ ಹೇಳ್ವಾಗ ಆಡಿಸಿದ್ದು. ಅದನ್ನ ತಂದು ಇಲ್ಲಿ ಸಾಕ್ಷಿಗೆ ನಿಲ್ಲಿಸಿದೀಯ."

ಅಂಥ ನಾಚಿಕೆ ನನಗೆ ಜೀವಮಾನದಲ್ಲಿ ಆಗಿರಲಿಲ್ಲ. ಅಕ್ಕ ಅದಕ್ಕಿಂತ ಹೆಚ್ಚು ಬೈಯಲೂ ಇಲ್ಲ. ಮಾನಿಟರ್ ಆರಿಸಿ ಮತ್ತೆ ಮೊದಲಿನಿಂದ ಕೇಳಲು ಕೂತರು. ಎರಡು ಗಂಟೆ ಕಳೆದ ಮೇಲೆ ನನ್ನನ್ನು ಕರೆದು, ಅದೇ ಕುರ್ಚಿಯಲ್ಲಿ ಕೂರಿಸಿ, ಕ್ಯಾಮೆರಾ ಹಚ್ಚಿ, ಏನು ಹೇಳಬೇಕೆಂದು ಚೀಟಿ ಕೊಟ್ಟರು. ಹೊಸ ಕ್ಲಿಪ್ಪಿನ ಮೊದಲ ಮೂರು ಸೆಕೆಂಡು ಅದೇ: "ಇವರ ಒಂದು ಮಾತನ್ನ ನಾನು ಕತ್ತರಿಸಿ ಮುಚ್ಚಿಟ್ಟಿದ್ದೆ." ಆಮೇಲೆ ಡ್ರೈವರ್ ಒಬ್ಬರೇ, ಎಲ್ಲೂ ಕತ್ತರಿಯಿಲ್ಲದ ನಲವತ್ತು ಸೆಕೆಂಡು. ನೀರು ನೋಡಿದ ಅಜ್ಜಿ ಏನೆಂದರು ಎಂದು ನಾನು ಕೇಳುತ್ತೇನೆ. ಅವರು ತಮ್ಮ ಕೈ ನೋಡಿಕೊಂಡು ಸುಮ್ಮನಾಗುತ್ತಾರೆ. ಕ್ಲಿಪ್ಪನ್ನು ಅಕ್ಕ ಅಲ್ಲಿಗೆ ನಿಲ್ಲಿಸಿದರು.

ಮೂರು ಲಕ್ಷ ಬರಲಿಲ್ಲ, ನಲವತ್ತು ಸಾವಿರ ಬಂತು. ಆದರೆ ಅದರಲ್ಲಿ ಒಂಬತ್ತು ಸಾವಿರ ಜನ ಅಜ್ಜಿಯ ಉತ್ತರ ಹುಡುಕಿಕೊಂಡು ಪೂರ್ತಿ ಸಂಚಿಕೆಗೆ ಬಂದರು, ಬಹಳ ಮಂದಿ ಕೊನೆಯವರೆಗೂ ಕೂತರು. ಸುಳ್ಳಾಡದೆ ಕುತೂಹಲ ಹುಟ್ಟಿಸುವ ಆ ಕೈಗೆ ನಾನು ಶರಣು.

ವಾರದ ಮೇಲೆ ಡ್ರೈವರ್ ಫೋನ್ ಮಾಡಿದರು. ಹಿನ್ನೆಲೆಯಲ್ಲಿ ಲೋಟಗಳ ಸದ್ದು.

"ಅಂಗಡೀಲಿ ಚಹಾ ಕುಡೀತಿದೀನಿ ಸಾರ್. ಆ ಎಡಿಟಿಂಗ್ ಮಾಡೋ ಅಮ್ಮನಿಗೆ ಸ್ವಲ್ಪ ಫೋನ್ ಕೊಡಿ."

ಕೊಟ್ಟೆ. ಅವರೇನು ಹೇಳಿದರೋ ನನಗೆ ಕೇಳಿಸಲಿಲ್ಲ. ಆ ಕಡೆಯವರಿಗೆ ಕಾಣುವುದಿಲ್ಲ ಎಂಬುದನ್ನೂ ಮರೆತು ಅಕ್ಕ ಸುಮ್ಮನೆ ತಲೆಯಾಡಿಸುತ್ತಲೇ ಇದ್ದರು.