ಮುಂಚೆಯೇ ಬರೆದಿಟ್ಟ ಸೊನ್ನೆ

ಪ್ರತಿ ಸೋಮವಾರ ನಮ್ಮ ಆಸ್ಪತ್ರೆಯಿಂದ ಆರೋಗ್ಯ ಇಲಾಖೆಗೆ ಒಂದು ಹಾಳೆ ಹೋಗಬೇಕು. ಹದಿನೈದು ವರ್ಷದೊಳಗಿನ ಯಾವ ಮಗುವಿಗಾದರೂ ಕಳೆದ ವಾರ ಇದ್ದಕ್ಕಿದ್ದಂತೆ ಕೈಯೋ ಕಾಲೋ ಬಲ ಕಳೆದುಕೊಂಡು ಜೋತುಬಿದ್ದಿದೆಯೇ ಎಂಬುದು ಅದರ ಮುಖ್ಯ ಪ್ರಶ್ನೆ. ಇದ್ದರೆ ಎಷ್ಟು ಎಂದು ಬರೆಯಬೇಕು. ಇಲ್ಲದಿದ್ದರೂ ಸುಮ್ಮನಿರುವಂತಿಲ್ಲ, ಸೊನ್ನೆ ಬರೆದು ಕಳಿಸಬೇಕು.

ಶಿವಮೊಗ್ಗದ ಒಂದು ಖಾಸಗಿ ಮಕ್ಕಳ ಆಸ್ಪತ್ರೆಯಲ್ಲಿ ನಾನು ಹಿರಿಯ ನರ್ಸ್. ಮನೆ ಭದ್ರಾವತಿಯಲ್ಲಿ, ಓಡಾಟ ದಿನಾ ಬಸ್ಸಿನಲ್ಲಿ. ಆ ಹಾಳೆಯ ಕೆಲಸ ನನ್ನದು. ವರ್ಷಗಟ್ಟಲೆ ಸೊನ್ನೆ ಬರೆದೂ ಬರೆದೂ ನನಗೆ ಅದರ ಮೇಲೆ ತಾತ್ಸಾರ ಹುಟ್ಟಿತ್ತು. ದೇಶದಲ್ಲಿ ಇಲ್ಲದ ಪೋಲಿಯೋವನ್ನು ವಾರವಾರ ‘ಇಲ್ಲ’ ಎಂದು ಬರೆಯುವುದು ಯಾವ ಪುರುಷಾರ್ಥಕ್ಕೆ? ಹಾಗಾಗಿ ತಿಂಗಳ ಮೊದಲ ಸೋಮವಾರವೇ ನಾಲ್ಕೂ ಹಾಳೆಗಳಿಗೆ ಸೊನ್ನೆ ಸುತ್ತಿ, ಡಾಕ್ಟರ ಸಹಿ ಹಾಕಿಸಿ, ಸಂಕ್ರಾಂತಿಗೆ ಎಳ್ಳುಬೆಲ್ಲದ ಪೊಟ್ಟಣ ಕಟ್ಟಿಡುವ ಹಾಗೆ ಡ್ರಾಯರಿನಲ್ಲಿ ಜೋಡಿಸಿಡುತ್ತಿದ್ದೆ. ನನ್ನ ಅಚ್ಚುಕಟ್ಟುತನದ ಬಗ್ಗೆ ಸಣ್ಣ ಹೆಮ್ಮೆಯೂ ಇತ್ತು ಅನ್ನಿ.

ಆ ತಿಂಗಳ ಎರಡನೇ ಸೋಮವಾರ ಬೆಳಿಗ್ಗೆ ಭದ್ರಾವತಿಯ ಓಲ್ಡ್ ಟೌನಿನ ಒಬ್ಬ ತಾಯಿ ಆರು ವರ್ಷದ ಮಗಳನ್ನು ಸೊಂಟದ ಮೇಲೆ ಹೊತ್ತು ತಂದಳು. ಪಾತ್ರೆ ಅಂಗಡಿಯವರ ಮನೆ ಸೊಸೆ. ಮಗುವಿಗೆ ಜ್ವರ ಬಂದು, ಊರಲ್ಲೇ ಯಾರೋ ಬಲ ಪೃಷ್ಠಕ್ಕೆ ಇಂಜೆಕ್ಷನ್ ಚುಚ್ಚಿದ್ದರು. ಶನಿವಾರ ಎದ್ದಾಗ ಬಲಗಾಲು ನೆಲಕ್ಕೆ ಊರಲಾಗಲಿಲ್ಲ. ನಮ್ಮ ಡಾಕ್ಟರು ಮೊಣಕಾಲು ತಟ್ಟಿ, ಪಾದ ಎತ್ತಿಸಿ ನೋಡಿದರು. “ಇಂಜೆಕ್ಷನ್ ನರಕ್ಕೆ ತಗುಲಿದೆ. ವ್ಯಾಯಾಮ ಮಾಡಿಸಿ, ಸರಿಹೋಗುತ್ತೆ” ಎಂದರು. ರಿಜಿಸ್ಟರಿನಲ್ಲಿ ‘ಬಲಗಾಲು ನಿಶ್ಶಕ್ತಿ, ಎರಡು ದಿನ’ ಎಂದು ಬರೆದವಳು ನಾನೇ. ಮಧ್ಯಾಹ್ನ ಹಾಳೆ ಒಯ್ಯಲು ಬಂದವನಿಗೆ ಡ್ರಾಯರಿನಿಂದ ಸೊನ್ನೆ ತೆಗೆದು ಕೊಟ್ಟವಳೂ ನಾನೇ. ಅದೇ ಕೈ, ಅದೇ ಪೆನ್ನು. ಎರಡಕ್ಕೂ ಸಂಬಂಧವಿದೆ ಎಂದು ಹೊಳೆಯಲೇ ಇಲ್ಲ. ಮುಂದಿನ ಸೋಮವಾರವೂ ಇನ್ನೊಂದು ಸೊನ್ನೆ ಹೋಯಿತು.

ಅದಾದ ಬುಧವಾರ ಸರ್ವೇಲೆನ್ಸ್ ಡಾಕ್ಟರ್ ಬಂದರು. ಆಸ್ಪತ್ರೆಗಳನ್ನು ಸುತ್ತಿ, ಇಂಥ ಮಕ್ಕಳು ವರದಿಯಿಂದ ತಪ್ಪಿಹೋಗಿದ್ದಾರೆಯೇ ಎಂದು ಹುಡುಕುವುದೇ ಆ ಹೆಣ್ಣುಮಗಳ ಕೆಲಸ. ಬೆರಳಿಟ್ಟು ಸಾಲು ಸಾಲಾಗಿ ರಿಜಿಸ್ಟರ್ ಓದುತ್ತಿದ್ದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಸುಮ್ಮನೆ ಡ್ರಾಯರನ್ನು ಇನ್ನಷ್ಟು ಒಳಕ್ಕೆ ತಳ್ಳಿದೆ. ಅವರ ಬೆರಳು ನಿಂತಿತು.

“ಈ ಮಗು ಬಂದ ದಿನವೇ ನಮಗೆ ಫೋನ್ ಬರಬೇಕಿತ್ತಲ್ಲ? ಹಾಳೆಯಲ್ಲೂ ಸೊನ್ನೆ ಇದೆ.”

“ಡಾಕ್ಟರು ಇಂಜೆಕ್ಷನ್ ನರ ಅಂದ್ರು ಮೇಡಂ. ಪೋಲಿಯೋ ಅಲ್ಲ ಅಂತ ಬಿಟ್ವಿ” ಎಂದೆ. ಸುಳ್ಳು ಎಷ್ಟು ಸಲೀಸಾಗಿ ಬಂತು ಎಂದರೆ ನನಗೇ ಆಶ್ಚರ್ಯ.

ಅವರು ದನಿ ಏರಿಸಲಿಲ್ಲ. “ಪೋಲಿಯೋ ಬಂದಿದೆ ಅಂತ ವರದಿ ಮಾಡೋದಲ್ಲ ಸಿಸ್ಟರ್, ಕಾಲು ಸೋತಿದೆ ಅಂತ ಮಾಡೋದು. ಕಾರಣ ಏನಾದ್ರೂ ಇರಲಿ. ವೈರಸ್ ಹೊಕ್ಕ ನೂರಾರು ಮಕ್ಕಳಲ್ಲಿ ಒಂದಕ್ಕೆ ಕಾಲು ಸೋಲುತ್ತೆ. ಉಳಿದವರು ಆಡ್ಕೊಂಡೇ ಹಂಚ್ತಾರೆ. ನಮ್ಮ ಕಣ್ಣಿಗೆ ಬೀಳೋದು ಆ ಒಂದು ಕಾಲು ಮಾತ್ರ. ಬೇರೆ ಕಾರಣಕ್ಕೆ ಕಾಲು ಸೋತ ಮಕ್ಕಳು ಪ್ರತಿ ಜಿಲ್ಲೆಯಲ್ಲೂ ಪ್ರತಿ ವರ್ಷ ಇದ್ದೇ ಇರ್ತಾರೆ. ಒಂದೂ ಇಲ್ಲ ಅಂತ ವರದಿ ಬಂದ್ರೆ ನಾವು ಖುಷಿಪಡೋದಿಲ್ಲ, ಯಾರೂ ನೋಡ್ತಿಲ್ಲ ಅಂತ ಭಯಪಡ್ತೀವಿ.”

ಆಮೇಲೆ ಬೆರಳು ಮಡಿಚಿ ಲೆಕ್ಕ ಹಾಕಿದರು. ಕಾಲು ಸೋತ ದಿನದಿಂದ ಹದಿನಾಲ್ಕು ದಿನದೊಳಗೆ ಮಗುವಿನ ಮಲದ ಎರಡು ಮಾದರಿ ಬೇಕು. ವೈರಸ್ ಮಲದಲ್ಲಿ ಒಂದು ದಿನ ಸಿಕ್ಕೀತು, ಒಂದು ದಿನ ಸಿಗದಿದ್ದೀತು. ಅದಕ್ಕೇ ಎರಡು, ನಡುವೆ ಕನಿಷ್ಠ ಇಪ್ಪತ್ನಾಲ್ಕು ತಾಸು. ತಡವಾದಷ್ಟೂ ಸಿಗುವ ಸಂಭವ ಕಡಿಮೆ. ಆಗಲೇ ಹನ್ನೊಂದು ದಿನ ಹೋಗಿತ್ತು. ಶನಿವಾರ ಕೊನೆಯ ದಿನ. “ಆ ಮನೆಯವರಿಗೆ ನಿಮ್ಮ ಪರಿಚಯ ಇದೆ. ನೀವೂ ಬನ್ನಿ” ಎಂದರು. ನಮ್ಮ ಡಾಕ್ಟರು ನನಗೆ ರಜೆ ಕೊಟ್ಟರು, ಆದರೆ ಮುಖ ಕೊಟ್ಟು ಮಾತಾಡಲಿಲ್ಲ.

ಸಂಜೆಗೆ ಮೊದಲೇ ಓಲ್ಡ್ ಟೌನಿನ ಆ ಮನೆಯಲ್ಲಿದ್ದೆವು. ಮೇಡಂ ಮಗುವನ್ನು ಪರೀಕ್ಷಿಸಿ ಫಾರಂ ತುಂಬಿದರು. ಅಲ್ಲಿನ ಆರೋಗ್ಯ ಸಹಾಯಕಿ ಐಸ್ ತುಂಬಿದ ನೀಲಿ ಪೆಟ್ಟಿಗೆ ತಂದಳು. ಅದರ ಮುಚ್ಚಳದ ಮೇಲೆ, ಯಾರೂ ಮರೆತು ಲಸಿಕೆ ಇಡದಿರಲೆಂದು, ಕೆಂಪಕ್ಷರದಲ್ಲಿ ‘ಮಲ ಮಾತ್ರ’ ಎಂದಿತ್ತು. ಮಗುವಿನ ಅಜ್ಜಿ ಅದನ್ನು ದೇವರ ಮನೆಯ ಕಡೆಯಿಂದ ಹಿತ್ತಲ ಜಗಲಿಗೆ ಸಾಗಿಸುವವರೆಗೆ ಕೂರಲಿಲ್ಲ. ತಿರುಗಿಸುವ ಮುಚ್ಚಳದ ಎರಡು ಪುಟ್ಟ ಡಬ್ಬಿಗಳನ್ನು ತಾಯಿಯ ಕೈಗೆ ಕೊಟ್ಟು, “ಹೆಬ್ಬೆರಳಿನಷ್ಟು ಸಾಕಮ್ಮ” ಎಂದು ಮೇಡಂ ತೋರಿಸಿದರು. ಎನಿಮಾ ಕೊಡಬೇಡಿ, ಕಾಯಿರಿ ಎಂದು ನನಗೆ ಹೇಳಿ ಹೋದರು.

ಗುರುವಾರ ಬೆಳಿಗ್ಗೆ ಮೊದಲ ಡಬ್ಬಿ ತುಂಬಿತು. ನನ್ನ ಜೀವ ಅರ್ಧ ನಿರಾಳವಾಯಿತು. ಶುಕ್ರವಾರ ಏನೂ ಇಲ್ಲ. ಜ್ವರ ಬಂದಾಗಿನಿಂದ ಹುಡುಗಿ ಗಂಜಿ ಬಿಟ್ಟು ಬೇರೆ ಮುಟ್ಟುತ್ತಿರಲಿಲ್ಲ, ಹೊಟ್ಟೆ ಕಟ್ಟಿತ್ತು. ಬಾಳೆಹಣ್ಣು ಮುಂದೆ ಹಿಡಿದೆ, ತಲೆ ಕೊಡವಿದಳು. ಪಪ್ಪಾಯಿಗೂ ಅದೇ. ಬಿಸಿನೀರು ಕುಡಿಸಿದೆ, ಕಥೆ ಹೇಳಿದೆ. ಐವತ್ತು ದಾಟಿದ ಹೆಂಗಸು ನಾನು, ಮಕ್ಕಳ ಕಕ್ಕಸಿನ ಪಾಟಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಒಂದು ಕೂಸಿನ ಹೊಟ್ಟೆಗೆ ಕೈಮುಗಿಯುತ್ತಿದ್ದೆ. ನಗು ಬರುವ ದೃಶ್ಯವೇ, ಆದರೆ ನನಗೆ ಬರಲಿಲ್ಲ. ಒಂದು ವೇಳೆ ಇದು ಅದೇ ಆಗಿದ್ದರೆ? ಈ ಬೀದಿಯಲ್ಲಿ ಎಷ್ಟು ಮಕ್ಕಳು ಆಡುತ್ತವೆ? ಎರಡು ಸೋಮವಾರಗಳು ಎದೆಯ ಮೇಲೆ ಕೂತಿದ್ದವು.

ಶನಿವಾರ ಬೆಳಿಗ್ಗೆ ಎಂಟಕ್ಕೇ ಹೋದೆ. ಮಧ್ಯಾಹ್ನದವರೆಗೂ ಏನಿಲ್ಲ. ಆರೋಗ್ಯ ಸಹಾಯಕಿ ಹೊಸ ಐಸ್ ಪ್ಯಾಕ್ ತರಲು ಊರಿನ ಸರ್ಕಾರಿ ಆಸ್ಪತ್ರೆಗೆ ಹೋಗಿದ್ದಳು. ನಾನು ಎರಡು ತುತ್ತು ತಿಂದು ಬರಲು ಮನೆಗೆ ಹೋಗಿ ಬರುವಷ್ಟರಲ್ಲಿ ತಾಯಿ ಬಾಗಿಲಲ್ಲೇ ನಿಂತಿದ್ದಳು, ಕೈಯಲ್ಲಿ ತುಂಬಿದ ಡಬ್ಬಿ.

“ಆಯ್ತು ಸಿಸ್ಟರ್!”

ಖುಷಿಗೆ ಅವಳ ಕೆನ್ನೆ ಸವರಿದೆ. ಪೆಟ್ಟಿಗೆಗೆ ಇಡುವ ಮುನ್ನ ಪ್ರಮಾಣ ನೋಡಲು ಮುಚ್ಚಳ ತೆರೆದೆ. ಹಳದಿ ಸಿಪ್ಪೆಗಳು. ಮುಸುಕಿನ ಜೋಳದ ಕಾಳು, ಅರೆಯದೆ ನುಂಗಿದ್ದು. ಗಂಜಿ ಕುಡಿಯುವ ಮಗುವಿನ ಹೊಟ್ಟೆಯಲ್ಲಿ ಜೋಳ ಎಲ್ಲಿಂದ ಬಂತು? ತಲೆ ಎತ್ತಿದೆ. ನಡುಮನೆಯಲ್ಲಿ ಎರಡು ವರ್ಷದ ತಮ್ಮ ಬೇಯಿಸಿದ ಜೋಳದ ತೆನೆ ಹಿಡಿದು, ಮೂತಿಯೆಲ್ಲ ಹಳದಿ ಮಾಡಿಕೊಂಡು ನನ್ನನ್ನೇ ನೋಡುತ್ತಿದ್ದ.

ಡಬ್ಬಿ ಕೈಯಲ್ಲಿತ್ತು, ಪೆಟ್ಟಿಗೆ ತೆರೆದಿತ್ತು, ಆರೋಗ್ಯ ಸಹಾಯಕಿ ಇನ್ನೂ ಬಂದಿರಲಿಲ್ಲ. ನಿಜ ಹೇಳಿಬಿಡುತ್ತೇನೆ, ಇಡೋಣ ಎನ್ನಿಸಿತು. ಕಾಗದದ ಮೇಲೆ ಎರಡು ಮಾದರಿ, ಹದಿನಾಲ್ಕು ದಿನದೊಳಗೆ. ನಮ್ಮ ಆಸ್ಪತ್ರೆಯ ತಡವನ್ನು ಯಾರೂ ಕೆದಕುವುದಿಲ್ಲ. ಅಲ್ಲಿಂದಾಚೆ ಬೆಂಗಳೂರಿನ ಲ್ಯಾಬಿನವರು ಈ ಗುಂಡುಮಣಿಯ ಹೊಟ್ಟೆಯಲ್ಲಿ ಹುಡುಕುತ್ತಾರೆ. ಸಿಕ್ಕರೂ ಅವನು ಹಿಂದಿನ ವಾರಗಳಲ್ಲಿ ಕುಡಿದ ಪೋಲಿಯೋ ಹನಿಯ ಲಸಿಕೆ ವೈರಸ್ ಸಿಕ್ಕೀತು. ಅಕ್ಕನ ಕಾಲಿನ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಡಬ್ಬಿಯ ಮುಚ್ಚಳ ಮುಚ್ಚಿದೆ, ಮತ್ತೆ ತೆರೆದೆ.

ಕೊನೆಗೆ ಸಿಟ್ಟೆಲ್ಲ ತಾಯಿಯ ಮೇಲೆ ಬಿತ್ತು. “ಇದು ಚಿಕ್ಕವನದ್ದಲ್ವಾ? ತಲೆ ನೆಟ್ಟಗಿದೆಯಾ ನಿಂಗೆ? ನಿನ್ನ ಮಗಳ ಕಾಲಿನ ವಿಷಯದಲ್ಲಿ ಸುಳ್ಳು ಹೇಳ್ತೀಯಲ್ಲ ಮಾರಾಯ್ತಿ!” ಎಂದು ಬೀದಿಗೆ ಕೇಳುವ ಹಾಗೆ ಕೂಗಿದೆ. ಅವಳ ಅತ್ತೆ ಒಳಗಿನಿಂದ ಬಂದು ನಿಂತರು. ಅತ್ತೆಯ ಮುಂದೆಯೂ ನಾನು ನಿಲ್ಲಿಸಲಿಲ್ಲ.

ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡಳು. “ಬೆಳಿಗ್ಗೆಯಿಂದ ಊಟ ಬಿಟ್ಟು ಕಾಯ್ತಿದ್ರಿ, ಪಾಪ ಅನ್ನಿಸ್ತು. ಇಬ್ರೂ ಒಂದೇ ಮನೆ ಮಕ್ಕಳು, ಒಂದೇ ನೀರು ಕುಡಿಯೋರು. ಡಬ್ಬಿ ತುಂಬಿದ್ರೆ ನಿಮ್ಮ ಫಾರಂ ಮುಗಿಯುತ್ತಲ್ಲ ಅಂದ್ಕೊಂಡೆ.”

ಫಾರಂ ಮುಗಿಸುವುದು ಹೇಗೆಂದು ಈ ಊರಿನಲ್ಲಿ ನನಗಿಂತ ಚೆನ್ನಾಗಿ ಬಲ್ಲವರು ಯಾರು? ಅವಳಾದರೂ ಗೊತ್ತಿಲ್ಲದೆ ಮಾಡಿದಳು. ಹಿತ್ತಲಿಗೆ ಹೋಗಿ ಡಬ್ಬಿಯನ್ನು ಖಾಲಿ ಮಾಡಿ, ಅದನ್ನು ಮತ್ತೆ ಬಳಸದ ಹಾಗೆ ಬೇರೆ ಇಟ್ಟು, ಮೇಡಂಗೆ ಫೋನ್ ಮಾಡಿದೆ. ಡಬ್ಬಿಯ ವಿಷಯ ಹೇಳಿದೆ. ಹೇಳುತ್ತ ಹೇಳುತ್ತ ಉಳಿದದ್ದನ್ನೂ ಹೇಳಿಬಿಟ್ಟೆ. ಆ ಸೊನ್ನೆಗಳು ಡಾಕ್ಟರ ತೀರ್ಮಾನ ಕೇಳಿ ಬರೆದದ್ದಲ್ಲ, ಮಗು ಬರುವ ಮುಂಚೆಯೇ ಬರೆದಿಟ್ಟದ್ದು ಎಂದೆ.

ಮೇಡಂ ಕೇಳಿದ್ದು ಒಂದೇ: “ಡ್ರಾಯರಿನಲ್ಲಿ ಇನ್ನೆಷ್ಟಿದೆ?”

“ಒಂದು.”

“ಹರಿದುಹಾಕಿ. ಈಗ ಹೊಸ ಡಬ್ಬಿ ಕಳಿಸ್ತೀನಿ, ಕಾಯಿರಿ.”

ಶನಿವಾರ ಮುಗಿಯುವವರೆಗೂ ಕಾದೆವು. ಹುಡುಗಿಯ ಹೊಟ್ಟೆ ನಮ್ಮ ಕ್ಯಾಲೆಂಡರಿಗೆ ಸೊಪ್ಪು ಹಾಕಲಿಲ್ಲ. ಎರಡನೇ ಮಾದರಿ ಬಂದದ್ದು ಭಾನುವಾರ ಬೆಳಿಗ್ಗೆ, ಹದಿನೈದನೇ ದಿನ. ಕಳಿಸಿದೆವು. ಒಂದೇ ಒಂದು ದಿನ ತಡ. ಅದಕ್ಕೆ ಮುಂಚೆ ನಾನು ಕಳೆದದ್ದು ಒಂಬತ್ತು ದಿನ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಮಾದರಿ ಸರಿಯಾದ ಸಮಯಕ್ಕೆ ಸಿಗದ ಮಗುವನ್ನು ಅರವತ್ತು ದಿನ ಕಳೆದ ಮೇಲೆ ಮತ್ತೆ ನೋಡಬೇಕು. ಮೇಡಂ ಜೊತೆ ನಾನೂ ಹೋದೆ. ಹುಡುಗಿ ನಡುಮನೆಯಿಂದ ಬಾಗಿಲವರೆಗೆ ನಡೆದು ತೋರಿಸಿದಳು. ನಡೆದಳು ಎಂಬುದಕ್ಕೇ ನನ್ನ ಕಣ್ಣು ತುಂಬಿತು. ಆದರೆ ಬಲ ಪಾದದ ತುದಿ ನೆಲಕ್ಕೆ ಸ್ವಲ್ಪ ಉಜ್ಜುತ್ತಿತ್ತು, ಕಣಕಾಲು ಎಡಗಾಲಿಗಿಂತ ಸಣ್ಣಗಿತ್ತು. ಮೇಡಂ ಟೇಪು ಸುತ್ತಿ ಅಳೆದರು. ಎರಡೂ ಮಾದರಿಯಲ್ಲಿ ವೈರಸ್ ಸಿಕ್ಕಿಲ್ಲ ಎಂದು ತಾಯಿಗೆ ತಿಳಿಸಿದರು. ಆದರೆ ಎರಡನೆಯದು ತಡವಾಗಿದೆ, ಕಾಲಿನಲ್ಲಿ ಇನ್ನೂ ನಿಶ್ಶಕ್ತಿ ಇದೆ, ಆದ್ದರಿಂದ ತಜ್ಞರ ಸಮಿತಿ ಕಾಗದಪತ್ರ ನೋಡಿ ತೀರ್ಮಾನಿಸಬೇಕು ಎಂದೂ ಹೇಳಿದರು.

ತಾಯಿ ನನ್ನ ಕಡೆ ತಿರುಗಿದಳು. “ನೀವು ಹೇಳಿ ಸಿಸ್ಟರ್. ಪೋಲಿಯೋ ಅಲ್ಲ ತಾನೆ?”

“ಅಲ್ಲ ಅಂತಲೇ ಕಾಣುತ್ತೆ.”

“ಕಾಣುತ್ತೆ ಅಂದ್ರೆ? ಹೌದು ಇಲ್ಲ ಅಂತ ಹೇಳೋಕಾಗಲ್ವಾ?”

ಆಗ ಅವಳಿಗೆ ಡ್ರಾಯರಿನ ಕಥೆ ಹೇಳಿದೆ. ಅವಳು ಮಗಳನ್ನು ಹೊತ್ತು ತಂದ ದಿನವೇ ಡಬ್ಬಿ ಕೊಟ್ಟಿದ್ದರೆ ಇವತ್ತು ‘ಅಲ್ಲ’ ಎಂದು ಖಂಡಿತವಾಗಿ ಹೇಳಬಹುದಿತ್ತು, ಆ ಅವಕಾಶ ಕಳೆದವಳು ನಾನು ಎಂದೆ. ಅವಳು ಮಗಳ ಕಾಲಿಗೆ ಚಪ್ಪಲಿ ತೊಡಿಸುತ್ತಿದ್ದಳು. ಬಲಗಾಲಿನದು ಜಾರಿ ಜಾರಿ ಬೀಳುತ್ತಿತ್ತು. ಪಟ್ಟಿಯನ್ನು ಬಿಗಿ ಮಾಡುತ್ತ, ತಲೆ ಎತ್ತದೆ ಹೇಳಿದಳು:

“ಅವತ್ತು ನಮ್ಮತ್ತೆ ಮುಂದೆ ನನಗೆ ಎಷ್ಟು ಬೈದ್ರಿ, ಸಿಸ್ಟರ್.”