ನಾಲ್ಕು ಮತ್ತೆ ಬೀಳುವ ಸಾಧ್ಯತೆ

ಕಳೆದ ಜೂನ್‌ನ ಒಂದು ಸೋಮವಾರ ಗಚ್ಚಿಬೌಲಿಯ ನಮ್ಮ ಕಾಲೇಜಿನಲ್ಲಿ ಬೀದರ್ ಕಡೆಯ ವಿದ್ಯಾರ್ಥಿನಿಯೊಬ್ಬಳು ಸಂಖ್ಯಾಶಾಸ್ತ್ರದಲ್ಲಿ ಎರಡು ಅಂಕ ಕಡಿಮೆಯಾಗಿ ಫೇಲಾದಳು. ಪ್ರಶ್ನೆಪತ್ರಿಕೆ ತಯಾರಿಸಿದವನೂ ಮೌಲ್ಯಮಾಪನ ಮಾಡಿದವನೂ ನಾನೇ. ಅವಳು ಉತ್ತರಪತ್ರಿಕೆಯ ಪ್ರತಿ ಹಿಡಿದು ನನ್ನ ಕೋಣೆಗೆ ಬಂದಳು.

ಐದು ಅಂಕದ ಪ್ರಶ್ನೆ ಹೀಗಿತ್ತು: ಎರಡು ದಾಳಗಳ ಆಟದಲ್ಲಿ ಮೊದಲ ಎಸೆತಕ್ಕೆ ಒಟ್ಟು ನಾಲ್ಕು ಬಿದ್ದಿದೆ. ಏಳು ಬೀಳುವ ಮೊದಲು ಮತ್ತೆ ನಾಲ್ಕು ಬಿದ್ದರೆ ಗೆಲುವು. ಗೆಲ್ಲುವ ಸಾಧ್ಯತೆ ಎಷ್ಟು? ಅವಳು ಮೂರರಲ್ಲಿ ಒಂದು ಎಂದು ಬರೆದಿದ್ದಳು. ನನ್ನ ಉತ್ತರಸೂಚಿಯಲ್ಲಿ ಹನ್ನೆರಡರಲ್ಲಿ ಒಂದು ಎಂದಿತ್ತು.

“ಮೂವತ್ತಾರು ರೀತಿಗಳಲ್ಲಿ ನಾಲ್ಕು ಬೀಳೋದು ಮೂರೇ ಅಲ್ಲವೇನಮ್ಮಾ?” ಎಂದೆ.

“ಹೌದ್ರಿ ಸರ್. ಏಳು ಬೀಳೋದು ಆರು. ಉಳಿದ ಇಪ್ಪತ್ತೇಳಕ್ಕ ಗೆಲ್ಲಂಗೂ ಇಲ್ಲ, ಸೋಲಂಗೂ ಇಲ್ಲ, ಮತ್ತ ಎಸೀಬೇಕು. ನೀವು ಒಂದ ಸಲ ಎಸೆದು ಎದ್ದು ಹೋಗೀರಿ.”

ಹಾಗಾದರೆ ಲೆಕ್ಕಕ್ಕೆ ಬರುವುದು ಒಂಬತ್ತೇ. ಅದರಲ್ಲಿ ಮೂರು ನಾಲ್ಕಿನವು. ಅವಳ ಉತ್ತರವೇ ಸರಿ.

ಐದು ಅಂಕ ಸೇರಿಸಿದೆ. ಅವಳು ಪಾಸಾದಳು. ಬಾಗಿಲವರೆಗೆ ಹೋದವಳು ತಿರುಗಿ, “ಹೋದ ವರ್ಷನೂ ಇದ ಪ್ರಶ್ನೆ ಇತ್ತಲ್ರಿ ಸರ್?” ಎಂದಳು.

ಅಂದೇ ಹೋದ ವರ್ಷದ ಉತ್ತರಪತ್ರಿಕೆಗಳ ಕಟ್ಟು ಬಿಚ್ಚಿದೆ. ಒಬ್ಬ ವಿದ್ಯಾರ್ಥಿ ಮೂರರಲ್ಲಿ ಒಂದು ಎಂದು ಬರೆದಿದ್ದ. ಅದಕ್ಕೆ ಕೆಂಪು ಶಾಯಿಯಲ್ಲಿ ನಾನು ಸೊನ್ನೆ ಹಾಕಿದ್ದೆ. ಮೂರು ಅಂಕ ಕಡಿಮೆಯಾಗಿ ಫೇಲಾದ ಅವನು ಕಾಲೇಜು ಬಿಟ್ಟಿದ್ದಾನೆ. ಅವನು ಕೊಟ್ಟಿದ್ದ ಫೋನ್ ನಂಬರು ಈಗ ಬಳಕೆಯಲ್ಲಿಲ್ಲ.