ತೂಕ ಏರಿದರೆ ಖುಷಿಪಡಬೇಡಿ

ಟೈಲರಮ್ಮನನ್ನ ಯಾರಾದರೂ "ಪಾಪ, ವಯಸ್ಸಾದೋರು" ಅಂದರೆ ನನಗೆ ಮೈ ಉರಿಯುತ್ತೆ. ಪಾಪವಂತೆ! ನಮ್ಮ ಹೆಂಗಸರ ವಾರ್ಡಿನಲ್ಲಿ ಆಕ್ಸಿಜನ್ ಮಾಸ್ಕ್ ಹಾಕಿಕೊಂಡು ಏದುಸಿರು ಬಿಡುತ್ತಿದ್ದಾಗಲೂ, ಆಯಾ ಹೊದಿಸಿದ ಬೆಡ್‌ಶೀಟಿನ ಅಂಚು ಹಿಡಿದು ನೋಡಿ, ಮಾಸ್ಕ್ ಪಕ್ಕಕ್ಕೆ ಸರಿಸಿ, "ಯಾರಮ್ಮಾ ಇದನ್ನ ಹೊಲಿದಿದ್ದು? ಕಣ್ಣು ಮುಚ್ಕೊಂಡು ಹೊಲಿದಿದಾರೆ" ಅಂದವಳು ಆಕೆ. ನಾನು ಆ ವಾರ್ಡಿನ ನರ್ಸ್. ಮಾಸ್ಕ್ ಎಳೆದು ಮತ್ತೆ ಮೂಗಿಗೆ ಕೂರಿಸಿ, "ಮೊದಲು ಉಸಿರಾಡಿ, ಆಮೇಲೆ ಬೈಯುವಿರಂತೆ" ಅಂದೆ. ಹಾಗೆ ಶುರುವಾಯಿತು ನಮ್ಮ ಸ್ನೇಹ.

ಟೈಲರಮ್ಮನ ಗಂಡ ಬೇಗ ತೀರಿಹೋದ. ಕಂಕುಳಲ್ಲಿ ಒಬ್ಬ ಮಗ, ಮುಂದಿನ ಕೋಣೆಯಲ್ಲಿ ಒಂದು ಹೊಲಿಗೆ ಯಂತ್ರ. ಆ ಪೆಡಲ್ ತುಳಿದೇ ಮಗನನ್ನ ಬೆಳೆಸಿದಳು. ಶಾಲೆಯ ಯೂನಿಫಾರ್ಮು, ಮದುವೆ ಮನೆಯವರ ರವಿಕೆ, ಹಳೇ ಪ್ಯಾಂಟಿನ ಜಿಪ್ಪು, ಯಾವುದಕ್ಕೂ ಇಲ್ಲ ಅಂದಿಲ್ಲ. ಒಂದಕ್ಕೆ ಮಾತ್ರ ಇಲ್ಲ ಅಂತಿದ್ದಳು. ಕೆಲವು ಹೆಂಗಸರು ಸೊಂಟದ ಅಳತೆ ಕೊಡುವಾಗ ಉಸಿರು ಬಿಗಿಹಿಡಿದು, "ಒಂಚೂರು ಕಮ್ಮಿ ಬರ್ಕೊಳ್ರೀ" ಅಂತ ಕಣ್ಣು ಹೊಡೆಯುತ್ತಿದ್ದರಂತೆ. "ನಾನು ಬರ್ಕೊಳ್ತೀನಿ ಕಣಮ್ಮ, ನಿನ್ನ ಹೊಟ್ಟೆ ಒಪ್ಪಬೇಕಲ್ಲ?" ಅಂತಿದ್ದಳಂತೆ ಈಕೆ. ಆಸ್ಪತ್ರೆಗೆ ಬಂದಾಗಲೂ ಅಳತೆ ಟೇಪು ಕೊರಳಲ್ಲೇ ಇತ್ತು. ತೆಗೆಸೋಕೆ ನಾನು, ಆಯಾ ಇಬ್ಬರೂ ಬೇಕಾಯಿತು.

ಆಕೆ ನಮ್ಮ ವಾರ್ಡಿಗೆ ಬಂದದ್ದು ಅದೇ ಮೊದಲಲ್ಲ. ಸ್ವಲ್ಪ ದಿನದ ಹಿಂದಷ್ಟೇ ಗುಣವಾಗಿ ಮನೆಗೆ ಹೋದವಳು, ಮತ್ತೆ ಸ್ಟ್ರೆಚರ್ ಮೇಲೆ ವಾಪಸ್ ಬಂದಿದ್ದಳು. ಕಾಲು ಬಾತು, ತುಟಿ ನೀಲಿಗಟ್ಟಿ, ಮಲಗಿದರೆ ಉಸಿರು ಸಿಗದೆ. ಹಿಂದೆಯೇ ಓಡಿ ಬಂದ ಸೊಸೆ ಗೋಳೋ ಅಂತ ಅತ್ತಳು. "ನಾವು ಏನೂ ತಪ್ಪಿಸಿಲ್ಲ ಸಿಸ್ಟರ್! ಮಾತ್ರೆ ನಾನೇ ಕೈಯಾರೆ ಕೊಟ್ಟಿದೀನಿ. ದಿನಾ ತೂಕಾನೂ ನೋಡ್ತಿದ್ವಿ. ಎಷ್ಟು ಚೆನ್ನಾಗಿ ಏರ್ತಿತ್ತು ಗೊತ್ತಾ? ಮೈ ತುಂಬ್ಕೊಂಡು ಬರ್ತಿದಾರೆ ಅಂತ ನಾವೆಲ್ಲ ಖುಷಿಯಾಗಿದ್ವಿ."

ಅವಳ ಮಾತು ಕೇಳಿ ನಾನು ಹಣೆ ಹಣೆ ಚಚ್ಚಿಕೊಂಡೆ. ಅವಳದೇನು ತಪ್ಪು ಹೇಳಿ? ಕಾಯಿಲೆಯಿಂದ ಎದ್ದವರ ತೂಕ ಏರಿದರೆ ನಾವೆಲ್ಲ ಹೇಳೋದೇ ಹಾಗೆ. "ಈಗ ಪರವಾಗಿಲ್ಲ, ಕೆನ್ನೆ ತುಂಬಿದೆ" ಅಂತ ದೃಷ್ಟಿ ತೆಗೆಯೋದೊಂದು ಬಾಕಿ. ಟೈಲರಮ್ಮನಿಗೆ ಏರಿದ್ದು ಮಾಂಸ ಅಲ್ಲ, ನೀರು. ಹೃದಯಕ್ಕೆ ರಕ್ತ ತಳ್ಳುವ ಶಕ್ತಿ ಸಾಲದೆ ಮೈಯಲ್ಲಿ, ಶ್ವಾಸಕೋಶದಲ್ಲಿ ನೀರು ಸೇರುತ್ತಿತ್ತು. ಅದರ ಜೊತೆಗೆ ಮಂಡಿ ನೋವು ಅಂತ ಮೆಡಿಕಲ್ ಶಾಪಿನಿಂದ ನೋವಿನ ಮಾತ್ರೆ ಬೇರೆ ತರಿಸಿಕೊಂಡು ನುಂಗುತ್ತಿದ್ದಳು. ಅಂಥ ಮಾತ್ರೆ ಮೈಯಲ್ಲಿ ನೀರು ನಿಲ್ಲಿಸುತ್ತೆ. ಡಿಸ್ಚಾರ್ಜ್ ಚೀಟಿಯಲ್ಲಿ ಇದೆಲ್ಲ ಇತ್ತು, ಇಂಗ್ಲಿಷಿನಲ್ಲಿ. ಮನೆ ತಲುಪಿದ್ದು ಮಾತ್ರ "ದಿನಾ ತೂಕ ನೋಡಿ" ಅನ್ನೋ ಅರ್ಧ ಮಾತು. ಮಿಕ್ಕ ಅರ್ಧವನ್ನ ಮಗ ಕಾರಿಡಾರಿನಲ್ಲೇ ನುಂಗಿಕೊಂಡಿದ್ದ.

ಮಗ ಶಾಲಾ ಬಸ್ಸಿನ ಡ್ರೈವರ್. ಬಸ್ಸಿಗೆ ಹಾರನ್ ಬೇಡ, ಇವನ ಗಂಟಲು ಸಾಕು ಅನ್ನುವಂಥ ಆಳು. ಅಮ್ಮನ ವಿಷಯ ಬಂದರೆ ಮಾತ್ರ ಪಿಸುಗುಟ್ಟುತ್ತಾನೆ. ಈ ಸಲ ಡಿಸ್ಚಾರ್ಜ್ ಆಗುವ ಬೆಳಿಗ್ಗೆ ನಾನು ಚೀಟಿಯನ್ನ ಕನ್ನಡಕ್ಕೆ ಇಳಿಸುತ್ತಾ ಕೂತಿದ್ದೆ. ಹೆಗಲ ಮೇಲಿಂದ ಬಗ್ಗಿ ನೋಡಿದ.

"ಸಿಸ್ಟರ್, ಈ ಮೊದಲನೇ ಸಾಲು ತೆಗೀರಿ."

ಮೊದಲನೇ ಸಾಲು ಹೀಗಿತ್ತು: ನಿಮ್ಮ ಹೃದಯ ಸೋತಿದೆ. ನಿಂತಿಲ್ಲ, ಸೋತಿದೆ. ಅದಕ್ಕೇ ಮೈಯಲ್ಲಿ ನೀರು ಸೇರುತ್ತೆ.

"ಯಾಕೆ ತೆಗೀಬೇಕು?"

"ಅಮ್ಮಂಗೆ ಹಾರ್ಟ್ ವಿಷಯ ಗೊತ್ತಿಲ್ಲ. ಕಾಲೂತ ಅಂತ ಹೇಳಿದೀನಿ. ಗೊತ್ತಾದ್ರೆ ಹೆದರ್ಕೊಂಡೇ ಸತ್ತೋಗ್ತಾಳೆ. ಮಾತ್ರೆ, ಉಪ್ಪು, ನೀರು, ತೂಕ ಅಷ್ಟು ಬರ್ಕೊಡಿ, ಸಾಕು."

"ಹೋದ ಸಲ ಅಷ್ಟೇ ಅಲ್ವೇನ್ರೀ ಹೇಳಿದ್ದು? ತೂಕ ಏರಿದ್ದಕ್ಕೆ ಖುಷಿಪಟ್ಕೊಂಡು ಕೂತ್ರಲ್ಲ! ಯಾಕೆ ಅಂತ ಗೊತ್ತಿಲ್ದಿದ್ರೆ ಈ ಚೀಟಿ ಯಾವ ಸೀಮೆ ಚೀಟಿ?"

ಅವನ ಕಣ್ಣು ತುಂಬಿತು. ನನಗೆ ಕೋಪ ಇಳಿಯಲಿಲ್ಲ. ನಿಜ ಹೇಳ್ತೀನಿ, ಕರುಣೆಯೂ ಬಂತು, ಕೋಪವೂ ಇತ್ತು. ಇಂಥ ಮಕ್ಕಳನ್ನ ನಾನು ದಿನಾ ನೋಡ್ತೀನಿ. ಪ್ರೀತಿ ಬೆಟ್ಟದಷ್ಟು ಇರುತ್ತೆ, ಆ ಪ್ರೀತಿಯಲ್ಲೇ ಅಮ್ಮನ ಬಾಯಿಗೂ ಕಿವಿಗೂ ಬೀಗ ಹಾಕಿಬಿಡ್ತಾರೆ.

ನಮ್ಮ ಮಾತು ಕೇಳಿಸಿತೋ, ಮುಖ ನೋಡಿ ಊಹಿಸಿದಳೋ, ಮಂಚದ ಮೇಲಿಂದ ಕೂಗು ಬಂತು.

"ಏ ಸಿಸ್ಟರಮ್ಮ! ಅಲ್ಲೇನು ಪಿಸಿಪಿಸಿ? ಆ ಕಾಗದ ತಗೊಂಡು ಇಲ್ಲಿ ಬಾ. ಓದು."

ಮಗ ಕೈ ಮುಗಿದ, ಬೇಡ ಅಂತ. ನಾನು ಸೀದಾ ಡಾಕ್ಟರಮ್ಮನ ಕೋಣೆಗೆ ಹೋದೆ. ಅವರು ಮುಂದಿನ ರೋಗಿಯ ಎಕ್ಸ್‌ರೇ ಬೆಳಕಿಗೆ ಹಿಡಿದು ನೋಡುತ್ತಿದ್ದರು. ವಿಷಯ ಹೇಳಿದೆ. "ಆಕೆಗೆ ಬುದ್ಧಿ ಸ್ಥಿಮಿತದಲ್ಲಿದೆ ತಾನೇ?" ಅಂದರು. "ನಮ್ಮಿಬ್ಬರಿಗಿಂತ ಚೆನ್ನಾಗಿದೆ" ಅಂದೆ. ಎಕ್ಸ್‌ರೇ ಕೆಳಗಿಟ್ಟು ಎದ್ದು ಬಂದರು.

ಮಂಚದ ಪಕ್ಕ ಸ್ಟೂಲು ಎಳೆದುಕೊಂಡು ಕೂತು, "ಅಮ್ಮ, ನಿಮ್ಮ ಕಾಯಿಲೆ ಬಗ್ಗೆ ಎಲ್ಲ ತಿಳ್ಕೊಬೇಕು ಅಂತಿದೆಯಾ? ಅಥವಾ ಮಗನಿಗೆ ಹೇಳಿದ್ರೆ ಸಾಕಾ?" ಅಂತ ಕೇಳಿದರು.

ಟೈಲರಮ್ಮ ಮಗನ ಕಡೆ ತಿರುಗಿದಳು. "ನೋಡಿದ್ಯೇನೋ? ನನ್ನ ಕೇಳ್ತಿದಾರೆ. ನೀನು ಒಂದಿನ ಕೇಳಿದ್ಯಾ?"

"ಅಮ್ಮ, ನೀನು ಹೆದರ್ಕೊಳ್ತೀಯ ಅಂತ..."

"ಹೆದರ್ಕೊಳ್ತೀನಿ! ಖಂಡಿತ ಹೆದರ್ಕೊಳ್ತೀನಿ. ಹೆದರಿಕೆ ನಂದು, ಎದೆ ನಂದು, ನಿಂಗೇನೋ ಕಷ್ಟ? ರಾತ್ರಿ ಉಸಿರು ಸಿಗದೆ ಗೋಡೆಗೆ ಒರಗಿ ಕೂತಿದ್ದೋಳು ನಾನು. ಕಾಲೂತಕ್ಕೆ ಯಾರಿಗಾದ್ರೂ ಹಾಗಾಗುತ್ತಾ? ನೀವೆಲ್ಲ ನಗ್ತಾ ನಗ್ತಾ ತೂಕ ನೋಡ್ತಿದ್ರಿ. ನಾನು ಒಬ್ಬಳೇ ಹೆದರ್ತಿದ್ದೆ, ಏನಕ್ಕೆ ಅಂತ ಗೊತ್ತಿಲ್ದೇ."

ಡಾಕ್ಟರಮ್ಮ ಆಕೆಯ ಕೈ ಹಿಡಿದು ಹೇಳಿದರು. ಹೃದಯ ಸೋತಿದೆ, ಪೂರ್ತಿ ಮೊದಲಿನಂತಾಗೋದು ಕಷ್ಟ. ಆದರೆ ಮಾತ್ರೆ ತಗೊಂಡು ನೀರು ಸೇರದಂತೆ ನೋಡಿಕೊಂಡರೆ ಮನೆಯಲ್ಲಿ ಓಡಾಡಿಕೊಂಡು ಇರಬಹುದು. ಟೈಲರಮ್ಮ ಅತ್ತಳು. ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ನನ್ನ ಕಡೆ ಕೈ ಚಾಚಿ, "ಈಗ ಓದು. ಮೊದಲನೇ ಸಾಲಿಂದ" ಅಂದಳು.

ಓದಿದೆ. ಓದಿದ್ದಕ್ಕಿಂತ ಬೈಸಿಕೊಂಡದ್ದು ಹೆಚ್ಚು. "ದ್ರವ ಪದಾರ್ಥ ಮಿತಿಯಲ್ಲಿರಲಿ" ಅಂತ ಬರೆದಿದ್ದೆ. "ಇದ್ಯಾವ ಭಾಷೆಯೇ?" ಅಂದಳು. ಹೊಡೆದು ಹಾಕಿದೆ. ಡಾಕ್ಟರಮ್ಮ ಹೇಳಿದ ಅಳತೆಗೆ ಒಂದು ಬಾಟಲಿಗೆ ಗುರುತು ಹಾಕಿ, ಹೀಗೆ ಬರೆದೆ: ಬೆಳಿಗ್ಗೆ ಗುರುತಿನವರೆಗೆ ನೀರು ತುಂಬಿಸಿ. ಇಡೀ ದಿನಕ್ಕೆ ಇಷ್ಟೇ. ನೀರಿನ ಮಾತ್ರೆ ಬೆಳಿಗ್ಗೆಯೇ. ಉಚ್ಚೆ ಜಾಸ್ತಿ ಹೋಗುತ್ತೆ, ಹೋಗಲಿ, ಅದಕ್ಕೇ ಕೊಟ್ಟಿರೋದು. ಊತ ಇಳೀತು ಅಂತ ನಿಲ್ಲಿಸಬೇಡಿ. ಊಟದ ಮೇಲೆ ಉಪ್ಪು ಉದುರಿಸಬೇಡಿ. ಮಂಡಿ ನೋವಿಗೆ ಅಂಗಡಿ ಮಾತ್ರೆ ಬೇಡ, ನಮ್ಮನ್ನ ಕೇಳಿ. ತೂಕ ದಿನಾ ಬೆಳಿಗ್ಗೆ, ಬಾತ್‌ರೂಮಿಗೆ ಹೋಗಿ ಬಂದ ಮೇಲೆ, ಏನೂ ತಿನ್ನೋ ಮುಂಚೆ.

ಇನ್ನು "ಅರ್ಥ ಆಯ್ತಾ?" ಅಂತ ನಾನು ಯಾರನ್ನೂ ಕೇಳಲ್ಲ. ಕೇಳಿದರೆ ಎಲ್ಲರೂ ತಲೆ ಆಡಿಸ್ತಾರೆ. ಸೊಸೆಗೆ, "ಈಗ ನೀವು ನನಗೆ ಹೇಳಿ ನೋಡೋಣ" ಅಂದೆ. ಗಡಗಡ ಹೇಳಿದಳು. ಬಾಟಲಿ ಹತ್ತಿರ ಬಂದು, "ನೀರು ಇಷ್ಟೇ. ಚಹಾ, ಹಾಲು ಬೇರೆ ಕೊಡ್ತೀನಿ" ಅಂದಳು.

"ಅಯ್ಯೋ ಮಾರಾಯ್ತಿ, ಅದೂ ಲೆಕ್ಕಕ್ಕೇ! ಒಂದು ಲೋಟ ಚಹಾ ಕೊಟ್ರೆ ಬಾಟಲಿಯಿಂದ ಒಂದು ಲೋಟ ನೀರು ಚೆಲ್ಲಿಬಿಡಿ."

ಅವಳು ನಾಲಿಗೆ ಕಚ್ಚಿಕೊಂಡಳು. ಅದನ್ನೂ ಬರೆದೆ.

ಕೊನೆಯ ಸಾಲಿಗೆ ಬಂದಾಗ ನಾನು "ಮೂರು ದಿನದೊಳಗೆ ಎರಡು ಕಿಲೋ ಏರಿದರೆ ವೈದ್ಯರನ್ನು ಸಂಪರ್ಕಿಸಿ" ಅಂತ ಓದಿದೆ. ಟೈಲರಮ್ಮ ತಡೆದಳು. "ಹಾಗೆ ಬರೆದ್ರೆ ಇವರು ಮತ್ತೆ ಖುಷಿಪಡ್ತಾರೆ. ನಾನು ಹೇಳ್ದಂಗೆ ಬರಿ: ತೂಕ ಏರಿದರೆ ಖುಷಿಪಡಬೇಡಿ. ಅದು ನೀರು. ಅವತ್ತೇ ಫೋನ್ ಮಾಡಿ." ದೊಡ್ಡ ಅಕ್ಷರದಲ್ಲಿ ಬರೆಸಿದಳು. ಮಗ ಗೋಡೆ ನೋಡುತ್ತಾ ನಿಂತಿದ್ದ.

ಮನೆಗೆ ಹೋದಳು. ಮೊದಮೊದಲು ಎಲ್ಲ ಸರಿಯಿತ್ತು. ಆಮೇಲೆ ಒಂದು ಬೆಳಿಗ್ಗೆ ವಾರ್ಡಿನ ಫೋನು ರಿಂಗಾಯಿತು.

"ಸಿಸ್ಟರಮ್ಮ, ಎರಡು ಕಿಲೋ ಏರಿದೆ ಕಣೇ. ಪಕ್ಕದ ಮನೆಯೋಳು ಬಂದು, 'ಎಷ್ಟು ಲಕ್ಷಣವಾಗಿ ತುಂಬ್ಕೊಂಡಿದೀರಿ' ಅಂತಿದಾಳೆ. ಬಾಗಿಲು ತೋರಿಸ್ದೆ. ನಾನು ಹೊರಟಿದೀನಿ, ಡಾಕ್ಟರಮ್ಮಂಗೆ ಹೇಳಿಡು."

"ಉಸಿರಾಟ ಹೇಗಿದೆ?"

"ನಿನ್ನ ಬೈಯೋಷ್ಟಿದೆ."

ಆದರೂ ನಾನು ಹೊರರೋಗಿ ಕೌಂಟರಿನ ಹತ್ತಿರ ಹೋಗಿ ನಿಂತೆ. ಬಂದಳು. ಸ್ಟ್ರೆಚರಿಲ್ಲ, ಗಾಲಿಕುರ್ಚಿಯಿಲ್ಲ. ಮಗನ ತೋಳು ಹಿಡಿದು, ನಿಧಾನ ನಿಧಾನವಾಗಿ, ಕೊರಳಲ್ಲಿ ಟೇಪು ಹಾಕಿಕೊಂಡೇ. ಸರದಿಯಲ್ಲಿ ಜನವೋ ಜನ. ಕೌಂಟರಿನವನು ತಲೆ ಎತ್ತದೆ, "ಏನು ತೊಂದರೆ?" ಅಂದ.

ಮಗ ಬಗ್ಗಿ ಅವನ ಕಿವಿಯಲ್ಲಿ ಏನೋ ಪಿಸುಗುಟ್ಟಿದ.

"ಕೇಳಿಸಲ್ಲ ರೀ, ಜೋರಾಗಿ ಹೇಳಿ."

ಮಗ ಅಮ್ಮನ ಮುಖ ನೋಡಿದ. ಅಮ್ಮ ನೆಟ್ಟಗೆ ನಿಂತಿದ್ದಳು.

"ಹೇಳೋ. ಬಸ್ಸಲ್ಲಿ ಕಿರುಚ್ತೀಯಲ್ಲ, ಹಾಗೆ ಹೇಳು."

"ನಮ್ಮಮ್ಮಂಗೆ ಹೃದಯ ಸೋತಿದೆ!" ಅಂತ ಅವನು ಕೂಗಿದ. ಸರದಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅವನು ನಿಲ್ಲಿಸಲಿಲ್ಲ. "ತೂಕ ಏರಿದೆ, ಮೈಯಲ್ಲಿ ನೀರು ಸೇರ್ತಿದೆ, ಇವತ್ತೇ ಡಾಕ್ಟರ್ ನೋಡ್ಬೇಕು!"

ಟೈಲರಮ್ಮ ಅವನ ಬೆನ್ನು ತಟ್ಟಿದಳು. ಡಾಕ್ಟರಮ್ಮ ಪರೀಕ್ಷೆ ಮಾಡಿ, ರಕ್ತ ತೆಗೆಸಿ, ನೀರಿನ ಮಾತ್ರೆ ಹೆಚ್ಚಿಸಿ, ಮತ್ತೆ ಯಾವಾಗ ಬರಬೇಕು ಅಂತ ಬರೆದುಕೊಟ್ಟರು. ಈ ಸಲ ವಾರ್ಡಿನ ಮಂಚ ಬೇಕಾಗಲಿಲ್ಲ. ಹೋಗುವಾಗ ಆ ಹೊಸ ಚೀಟಿಯನ್ನ ನನ್ನ ಕೈಗಿಟ್ಟು, "ಕನ್ನಡದಲ್ಲಿ ಬರಿ" ಅಂದಳು. ನಾನು ಪೆನ್ನು ತೆಗೆಯೋಷ್ಟರಲ್ಲಿ ಮಗ ಅದನ್ನ ಕಿತ್ತುಕೊಂಡ.

"ನೀವು ಹೇಳಿ ಸಿಸ್ಟರ್, ನಾನು ಬರೀತೀನಿ."

ಕೌಂಟರಿನ ಮೇಲೆಯೇ ಕಾಗದ ಇಟ್ಟುಕೊಂಡು ಮೊದಲನೇ ಸಾಲು ತಾನೇ ಬರೆದ, ಯಾರೂ ಹೇಳಿಕೊಡದೆ: ಅಮ್ಮನ ಹೃದಯ ಸೋತಿದೆ. ನಿಂತಿಲ್ಲ.